ಭಾವ ಒಂದನೇ ನಂಬರಿಗೆ ಬಂದದ್ದು

ಮದ್ದೂರಿನ ನಮ್ಮ ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ಪತ್ರ, ಫೋನು, ಬೈಗುಳ ಎಲ್ಲ ನನ್ನ ಪಾಲಿನವು. ಆ ಮಳೆಗಾಲದಲ್ಲಿ ಪುಡಿ ಪ್ಯಾಕೆಟ್ಟಿನೊಳಗೇ ಗಟ್ಟಿಯಾಗಿ ಬೆಂಗಳೂರಿನಿಂದ ವಾಪಸು ಬರತೊಡಗಿತು. ಇನ್ನೊಂದು ತಿಂಗಳು ಹೀಗೇ ಆದರೆ ಆರ್ಡರು ನಿಲ್ಲಿಸುತ್ತೇನೆಂದು ಅಲ್ಲಿನ ವ್ಯಾಪಾರಿ ಹೇಳಿಬಿಟ್ಟ. ಯಜಮಾನರು ಗಾಬರಿಯಾಗಿ ಸಲಹೆಗಾರನೊಬ್ಬನನ್ನು ಕರೆಸಿದರು. ಅವನು ಮೂರು ದಿನ ಓಡಾಡಿ ತೊಂಬತ್ತು ಪುಟದ ಇಂಗ್ಲಿಷ್ ವರದಿ ಕೊಟ್ಟು ಹೋದ.

“ಇಷ್ಟುದ್ದ ಯಾವನಮ್ಮ ಓದ್ತಾನೆ? ಒಂದೇ ಆಳೇಲಿ ಬರ್ಕೊಡು. ಯಾವ್ದಕ್ಕೆ ಎಷ್ಟು ಕರ್ಚು, ಎಷ್ಟು ತಾಪತ್ರಯ, ಏನ್ ಲಾಬ. ಮೊದ್ಲು ಮಾಡೋದು ಮ್ಯಾಲಿರ್‍ಲಿ” ಎಂದರು ಯಜಮಾನರು. ಅವರ ಜೀವವೆಲ್ಲ ಪುಡಿ ಒಣಗಿಸುವ ಹದಿನೆಂಟು ಲಕ್ಷದ ಡ್ರೈಯರಿನ ಮೇಲಿತ್ತು. ಮಾರನೆಯ ದಿನವೇ ಅದಕ್ಕೆ ಮುಂಗಡ ಕೊಡುವವರಿದ್ದರು.

ಅರವತ್ತೊಂದನೇ ಪುಟ ಓದಿ ಹಣೆ ಚಚ್ಚಿಕೊಂಡೆ. ಪ್ಯಾಕಿಂಗ್ ಕೋಣೆಯ ಷಟರು ದಿನವಿಡೀ ತೆರೆದಿರುವುದರಿಂದ ಪುಡಿ ತೇವ ಹೀರುತ್ತಿದೆಯಂತೆ. ಷಟರು ಮುಚ್ಚದೆ ಡ್ರೈಯರು ತಂದರೆ ದಂಡ, ಒಣಗಿದ ಪುಡಿಯೂ ಪ್ಯಾಕಿಂಗಿಗೆ ಕಾದು ಬಿದ್ದಿರುವುದು ಅದೇ ಕೋಣೆಯಲ್ಲಿ. ಷಟರು ಯಾಕೆ ತೆರೆದಿರುತ್ತದೆಂದು ಪಾಪ ಆ ಸಲಹೆಗಾರನಿಗೇನು ಗೊತ್ತು? ಯಜಮಾನರ ಅಕ್ಕನ ಗಂಡ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕಾಫಿಗೆ ಕರೆಯುತ್ತಾರೆ.

ಒಂದನೇ ಸಾಲಿನಲ್ಲಿ ಬರೆದೆ: ಷಟರು ಮುಚ್ಚುವುದು. ಖರ್ಚು ಇಲ್ಲ, ತಾಪತ್ರಯ ಕಡಿಮೆ, ಲಾಭ ಬಹಳ. ಎರಡನೆಯದು ಕೋಣೆಯ ತೇವ ಅಳೆಯುವ ಮೀಟರು ಮತ್ತು ತೇವ ಹೀರುವ ಯಂತ್ರ, ಖರ್ಚು ಅಷ್ಟಿಷ್ಟು. ಹದಿನೆಂಟು ಲಕ್ಷದ ಡ್ರೈಯರು ಕಟ್ಟಕಡೆಗೆ. ಮೊದಲ ಎರಡನ್ನು ಮಾಡಿ ನೋಡಿಯೂ ಆಗದಿದ್ದರೆ ಮಾತ್ರ.

ಯಜಮಾನರು ಒಂದನೇ ಸಾಲಿನ ಮೇಲೆ ಬೆರಳಿಟ್ಟರು. “ತಾಪತ್ರಯ ಕಡ್ಮೆನಾ? ಅಂಗಾದ್ರೆ ನೀನೇ ಓಗಿ ನಮ್ಮ ಬಾವಂಗೆ ಏಳು. ನಾನೇಳಿದ್ರೆ ನಮ್ಮಕ್ಕ ಈ ಜನ್ಮದಾಗೆ ನನ್ನ ಮನೆ ಮೆಟ್ಲು ತುಳ್ಯಕಿಲ್ಲ!”

ನನಗೆ ಉರಿದುಹೋಯಿತು. ಹಾಳೆ ಹಿಡಿದು ಸೀದಾ ಹೋದೆ. ಭಾವನವರು “ಬಾರವ್ವ, ಕೂತ್ಕೊ” ಎಂದು ಕಾಫಿ ಕೊಟ್ಟರು. ಷಟರಿನ ಮಾತು ಬಿಟ್ಟು ಮಳೆಯ ಮಾತಾಡಿದೆ. ಕುಡಿದು ಲೋಟ ಇಟ್ಟು ಬಂದು, ತಾಪತ್ರಯದ ಮುಂದಿನ ‘ಕಡಿಮೆ’ಯನ್ನು ಹೊಡೆದು ‘ವಿಪರೀತ’ ಎಂದು ತಿದ್ದಲು ಹೊರಟರೆ, ಹಾಳೆಯೇ ಇಲ್ಲ! ಅಲ್ಲೇ ಮರೆತು ಬಂದಿದ್ದೆ.

ಯಜಮಾನರೂ ನಾನೂ ಓಡಿದೆವು. ಭಾವನವರು ಕನ್ನಡಕ ಏರಿಸಿ ಓದುತ್ತಿದ್ದರು. “ಒಂದ್ನೇದು ಇದೆಯಲ್ಲ, ಇದು ನಾನಾ?”

ಅವರು ಬೆರಳನ್ನು ಮೆಲ್ಲಗೆ ಕೆಳಗಿಳಿಸಿ ಡ್ರೈಯರಿನ ಸಾಲಿಗೆ ತಂದರು. ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ನೋಡಿದರು.

“ಅದ್ನೆಂಟು ಲಕ್ಸದ ಮಿಸೀನು ಮಾಡ್ದೆ ಇರೋದ್ನ ನಾನು ಎದ್ದೋದ್ರೆ ಮಾಡ್ದಂಗಾಯ್ತದಾ? ಮೊದ್ಲೇ ಬೊಗಳಕ್ಕೆ ಏನ್ಲಾ ದಾಡಿ ನಿಂಗೆ?” ಎಂದು ಭಾವಮೈದುನನಿಗೆ ಗದರಿ, ಕುರ್ಚಿ ಎತ್ತಿ ಹೊರಗಿಟ್ಟು, ತಾವೇ ಷಟರು ಎಳೆದರು. ಆಚೆಯಿಂದ ದಾರಿಹೋಕರಿಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು: “ಲಿಸ್ಟ್‌ನಲ್ಲಿ ನಾನೇ ಫಸ್ಟು ಕಣ್ಲಾ.”

ಯಜಮಾನರು ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡರು. ಆಮೇಲೆ ಡ್ರೈಯರಿನವನಿಗೆ ಫೋನು ಮಾಡಿ, “ನಾಳೆ ಬರ್ಬೇಡಿ ಸ್ವಾಮಿ, ನಮ್ಮ ಬಾವ ಅವ್ರೆ” ಎಂದರು.