ಫೋಟೋದ ಅಂಚಿಗೆ ಸಿಕ್ಕದ ಸಾಲುಗಳು

ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಕೊಟ್ಟೂರಪ್ಪನ ಜೆರಾಕ್ಸ್ ಅಂಗಡಿಗೆ ಅರಬಿ ಕೆಲಸ ಬಂತೆಂದರೆ ಅದು ಫರ್ಜಾನಾಳ ಮೇಜಿಗೇ ಹೋಗುತ್ತಿತ್ತು. ಮದರಸಾದಲ್ಲಿ ಕಲಿತ ಅರಬಿ, ಗಂಡನ ಜೊತೆ ಸೌದಿಯ ದಮ್ಮಾಮಿನಲ್ಲಿ ಸಂಸಾರ ಮಾಡಿದ ಕಾಲದಲ್ಲಿ ಅವಳಿಗೆ ಬಾಯಿಗೂ ಕೈಗೂ ಚೆನ್ನಾಗಿ ಹತ್ತಿತ್ತು. ಯಾರಾದರೂ ಕಾಗದದ ಫೋಟೋ ತಂದರೆ ಮೊದಲು ದೊಡ್ಡದಾಗಿ ಪ್ರಿಂಟ್ ತೆಗೆಯುವಳು. ಒಂದೊಂದೇ ಸಾಲಿನ ಕೆಳಗೆ ಸ್ಟೀಲಿನ ಅಡಿಪಟ್ಟಿ ಇಟ್ಟು ಓದುವಳು. ಕೊನೆಯ ಅಕ್ಷರದವರೆಗೂ ಕಾಣದ ಸಾಲಿಗೆ ಕೆಂಪು ಪೆನ್ಸಿಲಿನ ಗುರುತು ಬೀಳುತ್ತಿತ್ತು. ಆ ಸಾಲನ್ನು ಅವಳು ಅನುವಾದಿಸುತ್ತಿರಲಿಲ್ಲ.

ಆ ಗುರುವಾರ ಮಧ್ಯಾಹ್ನ ಏಜೆಂಟ್ ಚಾಂದ್ ಪಾಷ ಮೊಬೈಲ್ ಹಿಡಿದು ಒಳನುಗ್ಗಿದ. ಅವನು ದಮ್ಮಾಮಿನ ಕಂಪನಿಯೊಂದಕ್ಕೆ ಕಳಿಸಿದ್ದ ಮೊಳಕಾಲ್ಮೂರಿನ ಮೆಕ್ಯಾನಿಕ್ ಇಫ್ತಿಕಾರ್ ಅಲ್ಲಿ ಎದೆನೋವಿನಿಂದ ತೀರಿಕೊಂಡಿದ್ದ. ದೇಹವನ್ನು ಊರಿಗೆ ತರದೆ ಅಲ್ಲೇ ದಫನ್ ಮಾಡಲು ತಾಯಿ ಗುಲ್ಷನ್ ಬೀಯ ಒಪ್ಪಿಗೆ ಪತ್ರ ಬೇಕಿತ್ತು. ಅವಳು ಹೇಳಿದ್ದನ್ನು ಪಕ್ಕದ ಮನೆಯ ಟೀಚರ್ ಪುಷ್ಪಲತಾ ಕನ್ನಡದಲ್ಲಿ ಬರೆದಿದ್ದಳು. ಪಾಷ ಬೆಳಿಗ್ಗೆ ಅವರ ಮನೆಗೆ ಹೋಗಿ ಅದರ ಫೋಟೋ ತೆಗೆದುಕೊಂಡು ಬಂದಿದ್ದ.

"ಆಪಾ, ಬೇಗ ಟೈಪ್ ಮಾಡಿ. ಇವತ್ತು ಬಿಟ್ರೆ ಎರಡು ದಿನ ಅಲ್ಲಿ ಆಫೀಸು ರಜಾ."

ಫರ್ಜಾನಾ ಅಡಿಪಟ್ಟಿ ಇಟ್ಟಳು. ಫೋಟೋ ಸೊಟ್ಟಗಿತ್ತು. ಮೇಲಿನ ಸಾಲುಗಳು ಪೂರ್ತಿ ಇದ್ದವು. 'ನನ್ನ ಮಗ ಇಫ್ತಿಕಾರನನ್ನು ಅಲ್ಲಿಯೇ ದಫನ್ ಮಾಡಲು ನನ್ನ ಒಪ್ಪಿಗೆ ಇದೆ' ಎಂಬ ಸಾಲೂ ಪೂರ್ತಿ ಇತ್ತು. ಅದರ ಕೆಳಗೆ 'ಆದರೆ ಅವನ ತಮ್ಮ' ಎಂದು ಶುರುವಾದ ಸಾಲಿನ ಬಲತುದಿ ಫೋಟೋದಿಂದ ಆಚೆ ಹೋಗಿತ್ತು. ಅದಕ್ಕೂ ಕೆಳಗೆ ಇನ್ನೊಂದು ಸಾಲಿನ ತಲೆಕಟ್ಟುಗಳಷ್ಟೇ ಕಾಣುತ್ತಿದ್ದವು.

ಪೂರ್ತಿ ಇದ್ದ ಸಾಲುಗಳನ್ನು ಅರಬಿಗೆ ತಂದಳು. ಕತ್ತರಿಸಿದ ಸಾಲಿನ ಜಾಗದಲ್ಲಿ ಕಂಸದೊಳಗೆ ಬರೆದಳು: [آخر السطر مقطوع عند حافة الصورة]. ಸಾಲಿನ ಕೊನೆ ಫೋಟೋದ ಅಂಚಿನಲ್ಲಿ ತುಂಡಾಗಿದೆ ಎಂದು ಅದರ ಅರ್ಥ. 'ಬಲತುದಿ' ಎಂದು ಬರೆದರೆ, ಬಲದಿಂದ ಓದುವ ಅರಬರು ಸಾಲಿನ ಮೊದಲೇ ಹೋಗಿದೆ ಎಂದುಕೊಂಡಾರು ಎಂದು 'ಕೊನೆ' ಎಂದೇ ಬರೆದಳು. ಅದರ ಕೆಳಗೆ [للرسالة بقية لا تظهر في الصورة], ಎಂದರೆ ಪತ್ರ ಮುಂದುವರಿದಿದೆ, ಫೋಟೋದಲ್ಲಿ ಕಾಣುವುದಿಲ್ಲ ಎಂದು.

"ಇದೇನು ಕಂಸ?" ಎಂದ ಪಾಷ. ಓದಲು ಬರದಿದ್ದರೂ ಕಂಸ ಅವನ ಕಣ್ಣಿಗೆ ಬಿದ್ದಿತ್ತು. ಅವಳು ಹೇಳಿದಳು.

"ತೆಗೀರಿ ಅದನ್ನ. ಒಪ್ಪಿಗೆ ಇದೆ ಅಂತ ಪೂರ್ತಿ ಸಾಲು ಐತಲ್ಲ, ಅಷ್ಟು ಸಾಕು."

"ಆಮೇಲೆ 'ಆದರೆ' ಅಂತ ಐತೆ, ಪಾಷಾ ಭಾಯ್. ಆದರೆ ಏನು?"

"ಏನೋ ತಮ್ಮನಿಗೆ ಸಲಾಮ್ ಹೇಳಿರ್ತಾಳೆ. ನೀವೇ ಎರಡು ಮಾತು ಸೇರಿಸಿ."

ಫರ್ಜಾನಾಳ ಮುಖ ಕೆಂಪಾಯಿತು. "ಮಗ ಸತ್ತ ತಾಯಿ ಬಾಯಲ್ಲಿ ನಾನು ಮಾತು ಇಡ್ಲಾ? ಫೋಟೋ ನೆಟ್ಟಗೆ ತೆಗೆಯೋಕೆ ನಿಮಗೆ ಪುರುಸೊತ್ತಿಲ್ಲ, ಅವಳು ಹೇಳಿದ್ದನ್ನ ನುಂಗೋಕೆ ಪುರುಸೊತ್ತು ಐತೆ!"

"ಮೊಳಕಾಲ್ಮೂರಿಗೆ ಮತ್ತೆ ಹೋಗಿ ಬರ್ಲಾ ಈಗ? ನೀವು ಮಾಡದಿದ್ರೆ ನನ್ನ ಮೊಬೈಲೇ ಮಾಡ್ತದೆ."

"ಮಾಡ್ಲಿ. ನಾಳೆ ಆ ತಾಯಿ ಕೇಳಿದ್ರೆ ಮೊಬೈಲನ್ನೇ ಮುಂದೆ ನಿಲ್ಲಿಸಿ."

ಕೊಟ್ಟೂರಪ್ಪ ಮೆಷಿನ್ ನಿಲ್ಲಿಸಿ ತಿರುಗಿದ. "ಲೇ ಪಾಷ, ಹೋಗೋದ್ಯಾಕಲೇ? ಟೀಚರಮ್ಮನಿಗೆ ಫೋನ್ ಮಾಡು. ಕಾಗದ ಅಲ್ಲೇ ಐತೆ, ಫೋಟೋ ತೆಗೆದು ಕಳಿಸ್ತಾರೆ. ಇಷ್ಟು ಹೊತ್ತು ಜಗಳ ಆಡೋ ಬದಲು ಅದನ್ನ ಮಾಡಬಾರದಾ?"

ನಂಬರ್ ಕೊಡಲೂ ಪಾಷ ಗೊಣಗಿದ. ಫರ್ಜಾನಾಳೇ ಪುಷ್ಪಲತಾಗೆ ಫೋನ್ ಮಾಡಿದಳು. "ಮೇಡಂ, ನೆಲದ ಮೇಲೆ ಹರವಿ, ನಾಲ್ಕು ಮೂಲೆನೂ ಕಾಣೋ ಹಂಗೆ ತೆಗೀರಿ."

ಹೊಸ ಫೋಟೋ ಬಂತು. ಅಡಿಪಟ್ಟಿ ಮತ್ತೆ ಇಳಿಯಿತು. 'ಆದರೆ ಅವನ ತಮ್ಮ ಸೌದಿಯ ತಬೂಕಿನಿಂದ ಬಸ್ಸಿನಲ್ಲಿ ಬರುತ್ತಿದ್ದಾನೆ. ಅವನು ಮುಖ ನೋಡಿ, ಮೊದಲ ಮಣ್ಣು ಕೊಡುವವರೆಗೂ ದಫನ್ ಮಾಡಬಾರದು. ನಾನು ಬರಲಾರೆ, ನಮ್ಮವರೊಬ್ಬರು ಇರಬೇಕು.' ಅದರ ಕೆಳಗೆ ಗುಲ್ಷನ್ ಬೀಯ ಹೆಬ್ಬೆಟ್ಟು.

ಫರ್ಜಾನಾ ಎರಡೂ ಕಂಸಗಳನ್ನು ಅಳಿಸಿ, ಆ ಜಾಗದಲ್ಲಿ ತಾಯಿಯ ಮಾತನ್ನು ಅರಬಿಯಲ್ಲಿ ತುಂಬಿ, ತಾನೇ ಪಾಷನ ಮೊಬೈಲಿನಿಂದ ಕಂಪನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ತಮ್ಮ ಬರುವವರೆಗೆ ಕಾಯುತ್ತೇವೆ ಎಂದಿತ್ತು.

"ಎರಡು ಸಾಲಿಗೆ ಇಷ್ಟು ರಂಪ," ಎಂದ ಪಾಷ ಮೆಲ್ಲಗೆ.

"ಆ ಎರಡು ಸಾಲು ಬಿಟ್ರೆ ಆ ಪತ್ರದಲ್ಲಿ ಅವಳದು ಅಂತ ಏನೈತೆ? ಉಳಿದದ್ದೆಲ್ಲ ನಿಮ್ಮ ಕಂಪನಿ ಕೇಳಿದ್ದು."

ಶುಕ್ರವಾರ ಜುಮ್ಮಾ ನಮಾಜಿನ ನಂತರ ತಮ್ಮ ಮಣ್ಣು ಕೊಟ್ಟನೆಂದು ಪುಷ್ಪಲತಾ ಸಂಜೆ ಫೋನಿನಲ್ಲಿ ಹೇಳಿದಳು. ಫರ್ಜಾನಾ ದುವಾ ಹೇಳಿ ಕಣ್ಣೊರೆಸಿಕೊಂಡಳು. ಆದರೂ ಸಿಟ್ಟು ಇಳಿಯಲಿಲ್ಲ. ಶನಿವಾರ ಪಾಷ ಇನ್ನೊಂದು ಫೋಟೋ ಹಿಡಿದು ಬಾಗಿಲಲ್ಲಿ ನಿಂತಾಗ, ಸಲಾಮಿಗೆ ಸಲಾಮು ಹೇಳುವ ಮೊದಲೇ ಕೇಳಿದಳು:

"ನಾಲ್ಕು ಮೂಲೆ ಐತಾ?"