ತುಟಿಗೆ ಕೂಡದ ಮಾತು

ನಾನು ಸಿನಿಮಾಗಳ ಡಬ್ಬಿಂಗ್ ಇನ್‌ಚಾರ್ಜ್. ಶೂಟಿಂಗ್ ಮುಗಿದ ಮೇಲೆ ನಟರನ್ನು ಸ್ಟುಡಿಯೋಗೆ ಕರೆಸಿ, ಅವರ ಮಾತನ್ನು ಅವರದೇ ತುಟಿಗೆ ಮತ್ತೆ ಕೂಡಿಸುವುದು ನನ್ನ ಕೆಲಸ. ಈಗಿನ ಹುಡುಗರು ಇದನ್ನು ಎಡಿಆರ್ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಕೆಲಸ ಅದೇ, ತಲೆನೋವೂ ಅದೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ಸ್ಟುಡಿಯೋಗಳಲ್ಲಿ ಹೆಸರಿದೆ. ಸುಳ್ಳೇನಲ್ಲ. ದಿನವಿಡೀ ಬೇರೆಯವರ ತುಟಿ ನೋಡುತ್ತಾ ಕೂತರೆ ಯಾರಿಗಾದರೂ ಬರುತ್ತದೆ.

ಅವತ್ತು ಮಧುಗಿರಿಯಲ್ಲಿದ್ದೆವು. ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಭಜನೆ, ಜಾನಪದ ಹಾಡು, ಚುನಾವಣೆಯ ಪ್ರಚಾರದ ಮಾತು ರೆಕಾರ್ಡ್ ಮಾಡುವ ಸಣ್ಣ ಸ್ಟುಡಿಯೋ ಅದು. ಗಾಜಿನ ಆಚೆ ಮೈಕಿನ ಕೋಣೆ, ಈಚೆ ನಾನು ಮತ್ತು ಕಂಪ್ಯೂಟರ್. ರೆಕಾರ್ಡಿಂಗ್ ನಡೆಯುವಾಗ ಫ್ಯಾನ್ ಹಾಕುವ ಹಾಗಿಲ್ಲ, ಏಸಿಯಂತೂ ಇರಲೇ ಇಲ್ಲ. ಶೂಟಿಂಗಿನಲ್ಲಿ ಬಳಸಿದ್ದ ಮೈಕನ್ನೇ ತಂದು, ಬಾಯಿಗೆ ತೀರಾ ಹತ್ತಿರವಲ್ಲದೆ ತಲೆಯ ಮೇಲಿನಿಂದ ಇಳಿಬಿಟ್ಟಿದ್ದೆ. ಬಯಲಲ್ಲಿ ಆಡಿದ ಮಾತು ಕೋಣೆಯಲ್ಲಿ ಆಡಿದ ಹಾಗೆ ಕೇಳಿಸಬಾರದಲ್ಲ.

ಮೈಕಿನ ಮುಂದಿದ್ದ ಅಕ್ಕ ನಟಿಯಲ್ಲ. ಪಾವಗಡ ತಾಲ್ಲೂಕಿನವಳು. ಅವಳ ಊರಲ್ಲಿ ಶೂಟಿಂಗ್ ನಡೆದಾಗ ನಮ್ಮ ಯೂನಿಟ್ಟಿಗೆ ಮುದ್ದೆ ಕಟ್ಟಲು ಬಂದಿದ್ದಳು. ತಾಯಿಯ ಪಾತ್ರಕ್ಕೆ ಬರಬೇಕಿದ್ದ ನಟಿ ಕೈಕೊಟ್ಟಾಗ ನಿರ್ದೇಶಕರು ಇವಳ ಮುಖ ನೋಡಿ ಕ್ಯಾಮೆರಾ ಮುಂದೆ ನಿಲ್ಲಿಸಿಬಿಟ್ಟರು. ಎಮ್ಮೆಗಳನ್ನು ಬಿಟ್ಟು ಬೆಂಗಳೂರಿಗೆ ಬರಲಾರೆ ಅಂದಿದ್ದಕ್ಕೆ ನಾನೇ ಮಧುಗಿರಿಯವರೆಗೆ ಬಂದಿದ್ದೆ. ಅವಳು ತನ್ನ ತಾಯಿಯನ್ನೂ ಕರೆತಂದಿದ್ದಳು. ಆ ಅವ್ವನಿಗೆ ಎರಡೂ ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದು ಕೂತು, ಸ್ಪೀಕರಿನಲ್ಲಿ ಬರುವ ಮಗಳ ದನಿ ಕೇಳುತ್ತಿದ್ದಳು.

ಬೆಳಿಗ್ಗೆಯಿಂದ ಕೆಲಸ ಚೆನ್ನಾಗಿಯೇ ನಡೆದಿತ್ತು. ವಿಧಾನ ಹೇಳಿಕೊಟ್ಟಿದ್ದೆ. ಒಂದೊಂದೇ ಮಾತನ್ನು ತುಂಡು ಮಾಡಿ ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತೇವೆ. ಹೆಡ್‌ಫೋನಿನಲ್ಲಿ ಶೂಟಿಂಗ್ ದಿನದ ಒರಟು ದನಿ, ಅಂದರೆ ಪೈಲಟ್, ಕೇಳುತ್ತದೆ. ಮೂರು ಸಲ ಬೀಪ್ ಅನ್ನುತ್ತದೆ. ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಬೀಪ್ ಇರುವುದಿಲ್ಲ, ನಿಮ್ಮ ಮಾತು ಇರಬೇಕು. ಅಕ್ಕ ಬೇಗ ಹಿಡಿದಳು. "ಭಜನೇಲಿ ತಾಳ ಬಿದ್ದ ಮ್ಯಾಲೆ ಎತ್ಕೊಳ್ಳೋದು ಇಂಗೇ ಅಲ್ವೇ ಮೇಡಮ್ಮಾ" ಅಂದಳು. ಮಾತಷ್ಟೇ ಅಲ್ಲ, ಮಾತಿಗೆ ಮುಂಚಿನ ಉಸಿರನ್ನೂ ಸರಿಯಾದ ಜಾಗದಲ್ಲಿ ಎಳೆದಳು. ವರ್ಷಗಟ್ಟಲೆ ಅನುಭವ ಇರುವವರೂ ಉಸಿರು ಮರೆಯುತ್ತಾರೆ.

ಉಳಿದಿದ್ದು ಒಂದೇ ಮಾತು. ಮಗಳು ಬಸ್ ಹತ್ತಿ ಗಂಡನ ಮನೆಗೆ ಹೊರಡುತ್ತಾಳೆ, ತಾಯಿ "ಹೋಗಿ ಬಾರಮ್ಮ" ಅನ್ನುತ್ತಾಳೆ. ತೀರಾ ಹತ್ತಿರದ ಶಾಟ್, ಪರದೆ ತುಂಬ ಮುಖ. ಅದಕ್ಕೆ ಪೈಲಟ್ಟೇ ಇರಲಿಲ್ಲ. ಆಫ್ ಮಾಡಿದರೆ ಬಸ್ಸನ್ನು ಮತ್ತೆ ತಳ್ಳಬೇಕಾಗುತ್ತದೆ ಅಂತ ಡ್ರೈವರ್ ಎಂಜಿನ್ ಆಫ್ ಮಾಡಲು ಒಪ್ಪಿರಲಿಲ್ಲವಂತೆ. ಟ್ರ್ಯಾಕಿನಲ್ಲಿ ಇದ್ದಿದ್ದು ಬರೀ ಎಂಜಿನ್ ಗುಡುಗು.

ಮೂರು ಬೀಪ್. "ಹೋಗಿ ಬಾರಮ್ಮ." ಕೂಡಲಿಲ್ಲ.

ಹಿಂದೆ ಸರಿಸಿದೆ, ಮುಂದೆ ಸರಿಸಿದೆ. ಒಂದೆರಡು ಫ್ರೇಮ್ ಆಚೀಚೆ ಇದ್ದರೆ ಕಂಪ್ಯೂಟರಿನಲ್ಲೇ ಎಳೆದು ಕೂರಿಸಬಹುದು, ಅಕ್ಷರವನ್ನು ಸ್ವಲ್ಪ ಹಿಗ್ಗಿಸಲೂಬಹುದು. ಆದರೆ ಮುಚ್ಚದ ತುಟಿಯನ್ನು ಮುಚ್ಚಿಸಲಾಗುವುದಿಲ್ಲ. ಪ, ಬ, ಮ ಅನ್ನಲು ತುಟಿ ಮುಚ್ಚಲೇಬೇಕು, ಪ್ರೇಕ್ಷಕರ ಕಣ್ಣು ಬೀಳುವುದೂ ಅಲ್ಲಿಗೇ. ಇಲ್ಲಿ ಕೊನೆಯ 'ಮ್ಮ' ಸರಿಯಾಗಿ ಕೂತಿತ್ತು. ನಡುವಿನ 'ಬಾ' ಬರುವ ಹೊತ್ತಿಗೆ ಪರದೆಯ ಮೇಲೆ ಅವಳ ಬಾಯಿ ಅಗಲವಾಗಿ ತೆರೆದಿತ್ತು.

"ಅಕ್ಕಾ, ಅವತ್ತು ಇದೇ ಮಾತು ತಾನೇ ಹೇಳಿದ್ದು?"

"ನೀವು ಬರ್‍ಕೊಟ್ಟಿದ್ದೇ ಅಂದಿದ್ದು ಕಣಮ್ಮ" ಅಂದಳು. ನನ್ನ ಕಡೆ ನೋಡಲಿಲ್ಲ.

ಹನ್ನೊಂದು ಟೇಕ್ ಆಯಿತು. ಎಂಜಿನ್ ಸದ್ದಿನ ಮೇಲೆ ಕೂಗಿದ ಹಾಗಿರಲಿ ಅಂತ ಅವಳ ಒಂದು ಕಿವಿಗೆ ಅದೇ ಗುಡುಗನ್ನು ಹಾಕಿದೆ. ದನಿಗೆ ಕಸುವು ಬಂತು, ತುಟಿ ಕೂಡಲಿಲ್ಲ. ಕೊನೆಗೆ ನಮ್ಮ ಕಸುಬಿನ ಕಳ್ಳದಾರಿಯನ್ನೂ ಹಿಡಿದೆ, ತುಟಿಗೆ ಹೊಂದುವ ಬೇರೆ ಮಾತು ಹುಡುಕುವುದು. "ಹುಷಾರು ಕಣಮ್ಮ" ಅನ್ನಿಸಿದೆ. ಅದು ಕೂಡಲೂ ಇಲ್ಲ, ಅವಳ ದನಿ ಬೇರೆ ಸತ್ತುಹೋಯಿತು.

ಅಷ್ಟರಲ್ಲಿ ನಿರ್ದೇಶಕರ ಫೋನ್ ಬಂತು. ಮಾರನೆಯ ಬೆಳಿಗ್ಗೆ ಬೆಂಗಳೂರಿನಲ್ಲಿ ಎಲ್ಲ ದನಿ, ಸದ್ದು ಒಟ್ಟುಗೂಡಿಸುವ ಮಿಕ್ಸಿಂಗ್. "ನಾಲ್ಕು ಗಂಟೆವರೆಗೂ ನೋಡಿ ಮೇಡಂ. ಆಗ್ಲಿಲ್ಲ ಅಂದ್ರೆ ಬಿಟ್ಬಿಡಿ, ಇಲ್ಲಿ ಡಬ್ಬಿಂಗ್ ಕಲಾವಿದೆ ರೆಡಿ ಇದಾರೆ." ಬಿಟ್ಬಿಡಿ ಅಂದರೆ ಈ ಒಂದು ಮಾತನ್ನಲ್ಲ. ಒಂದು ಮುಖಕ್ಕೆ ಎರಡು ದನಿ ಇರುವ ಹಾಗಿಲ್ಲ. ಬೆಳಿಗ್ಗೆಯಿಂದ ಅವಳು ಆಡಿದ್ದನ್ನೆಲ್ಲ ಅಳಿಸಿ ಇಡೀ ಪಾತ್ರಕ್ಕೆ ಬೇರೆಯವರ ದನಿ ಹಾಕಬೇಕು.

ಇದನ್ನು ಅವಳಿಗೆ ಹೇಳದೆ ಇರಬಹುದಿತ್ತು. ಸಿಟ್ಟಿನಲ್ಲಿದ್ದೆ, ಹೇಳಿಬಿಟ್ಟೆ. ಗಾಜಿನ ಆಚೆ ಅವಳ ಮುಖ ಸಣ್ಣಗಾಯಿತು.

"ಅಂಗೆ ಮಾಡ್ಬ್ಯಾಡಿ ಮೇಡಮ್ಮಾ. ನಮ್ಮವ್ವಂಗೆ ಕಣ್ಣು ಕಾಣಾಕಿಲ್ಲ. ಸಿನಿಮಾ ಬಂದಾಗ ಕರ್‍ಕೊಂಡೋಗಿ ಕುಂಡ್ರಿಸ್ತೀನಿ ಅಂದೀನಿ. ದನಿ ಬ್ಯಾರೇರ್‍ದಾದ್ರೆ ನಾನು ಅದ್ರಾಗೆ ಇದೀನಿ ಅಂತ ಅವ್ಳಿಗೆ ಹೆಂಗೆ ಗೊತ್ತಾಗ್ತೈತೆ?"

"ಇನ್ನೊಂದು ಟೇಕ್" ಅಂದೆ. ಗಡಿಯಾರ ಮೂರು ದಾಟಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಪಾತ್ರೆ ಬೀಳಿಸಿದರು, ಆ ಟೇಕ್ ಹಾಳಾಯಿತು. ನಾನೇ ಕಿಟಕಿಗೆ ಹೋಗಿ ಅಂಗಡಿಯವರ ಮೇಲೆ ಕೂಗಾಡಿ ಬಂದೆ. ಮತ್ತೊಂದು ಟೇಕ್. "ಹೋಗಿ ಬಾರಮ್ಮ." ಮತ್ತೆ ತೆರೆದ ಬಾಯಿ.

ಆಗ ನನ್ನ ಪಕ್ಕದಲ್ಲಿದ್ದ ಅವ್ವ ಯಾರಿಗೂ ಅಲ್ಲದ ಹಾಗೆ ಅಂದಳು: "ಅದಿ ನಾ ಕೂತುರು ಮಾಟ ಕಾದು."

ಅದು ನನ್ನ ಮಗಳ ಮಾತಲ್ಲ, ಅಂತ.

ನನ್ನ ಬಗ್ಗೆ ಒಂದು ವಿಷಯ ಇಲ್ಲಿ ಹೇಳಬೇಕು. ನಾನೂ ಪಾವಗಡದ ಗಡಿಯವಳೇ. ನಮ್ಮ ಮನೆಯಲ್ಲಿ ಆಡುತ್ತಿದ್ದುದು ತೆಲುಗು. ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಕನ್ನಡ ಕೇಳಿ ಸ್ಟುಡಿಯೋದವರು ನಕ್ಕಿದ್ದರು. ಅವತ್ತಿನಿಂದ ತೆಲುಗನ್ನು ಬಾಯಿಂದ ಉಜ್ಜಿ ಉಜ್ಜಿ ತೆಗೆದೆ. ಬೇರೆಯವರ ಉಚ್ಚಾರ ತಿದ್ದುವ ಕೆಲಸವನ್ನೇ ಹಿಡಿದೆ. ಇಷ್ಟು ವರ್ಷ ಯಾವ ಸ್ಟುಡಿಯೋದಲ್ಲೂ ನಾನು ತೆಲುಗಿನವಳು ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ಹೆಮ್ಮೆ ಅಂದುಕೊಂಡಿದ್ದೆ.

"ಮರಿ ಏಮಂಟಾದವ್ವಾ?" ಅಂತ ಕೇಳಿದೆ. ಮತ್ತೇನು ಅನ್ನುತ್ತಾಳೆ ಅವ್ವಾ?

ಮುದುಕಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಗಾಜಿನ ಆಚೆ ಅಕ್ಕನೂ ತಲೆ ಎತ್ತಿದಳು. ಆಚೆ ಕೋಣೆಗೆ ಮಾತು ಮುಟ್ಟಿಸುವ ನನ್ನ ಮೈಕ್ ಆನ್ ಇತ್ತು, ಅವಳಿಗೆ ಎಲ್ಲ ಕೇಳಿಸಿತ್ತು. ಅವ್ವನ ಉತ್ತರಕ್ಕೆ ಕಾಯಬೇಕಾಗಿರಲಿಲ್ಲ. ನಾನು ಆ ಶಾಟನ್ನು ಫ್ರೇಮ್ ಫ್ರೇಮಾಗಿ ಓಡಿಸಿದೆ. ಮೊದಲು ಮುಚ್ಚಿದ ತುಟಿ ಒಡೆದು ದುಂಡಗಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಅಗಲವಾಗಿ ತೆರೆಯುತ್ತದೆ, ಕೊನೆಗೆ ಮುಚ್ಚುತ್ತದೆ. ಸ್ಟುಡಿಯೋದವರು ನಕ್ಕ ಮೇಲೆ ಒಮ್ಮೆ ಊರಿಗೆ ಹೋಗಿ ನಾನು ಮತ್ತೆ ಬೆಂಗಳೂರಿನ ಬಸ್ ಹತ್ತಿದ ದಿನ ನಮ್ಮಮ್ಮನ ತುಟಿ ಆಡಿದ್ದೂ ಹೀಗೇ.

ಪೋಯಿ ರಾಮ್ಮಾ. ಹೋಗಿ ಬಾರಮ್ಮ ಅನ್ನುವುದೇ, ನಮ್ಮ ಮನೆಗಳಲ್ಲಿ ಅನ್ನುವ ಹಾಗೆ.

"ಅಕ್ಕಾ, ತೆಲುಗಲ್ಲಿ ಅಂದಿದ್ದಲ್ವಾ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮೊದಲ್ನೇ ದಿನ ಒಂದು ಮಾತು ತೆಲುಗಿನಾಗೆ ಬಂದ್ಬುಡ್ತು. ಡೈರೆಕ್ಟ್ರು ಎಲ್ರ ಮುಂದೆ ಬೈದ್ಬುಟ್ರು, ಇದು ಕನ್ನಡ ಸಿನಿಮಾ ಅಂತ. ಬಸ್ಸಿನ ಹತ್ರ ಆ ಮಗಳ ಪಾರ್ಟಿನ ಹುಡುಗಿ ನನ್ನ ಕೈ ಹಿಡ್ಕಂಡ್ಲು, ನನ್ ಮಗಳೇ ಹೊಂಟಂಗಾಯ್ತು, ಅಂದ್ಬುಟ್ಟೆ. ಇಂಜಿನ್ ಸದ್ದಿನಾಗೆ ಯಾರ್‍ಗೂ ಕೇಳಿಸ್ನಿಲ್ಲ ಅಂತ ಸುಮ್ಕಾದೆ. ಹೇಳಿದ್ರೆ ನನ್ನ ತೆಗೆದಾಕ್ತಾರೆ ಅಂತ ಭಯ ಕಣಮ್ಮ."

ತೆಗೆದುಹಾಕುತ್ತಾರೆ ಅಂತ ಮುಚ್ಚಿಟ್ಟಿದ್ದಳು. ಆ ಮುಚ್ಚಿಟ್ಟಿದ್ದೇ ಅವಳನ್ನು ತೆಗೆದುಹಾಕುವುದರಲ್ಲಿತ್ತು. ಅವಳನ್ನು ಬೈಯಲು ನನಗೆ ಯಾವ ಮುಖ? ನಾನು ಮಾಡಿದ್ದೂ ಅದೇ.

"ಅಂಗೇ ಅನ್ನಕ್ಕ. ಅವತ್ತು ಅಂದಂಗೇ" ಅಂದೆ. ನನ್ನ ಬಾಯಲ್ಲಿ ಊರಿನ ಮಾತು ಬಂದಿದ್ದು ಆಮೇಲೆ ಗೊತ್ತಾಯಿತು.

ಮೂರು ಬೀಪ್. ಒಂದೇ ಟೇಕ್. ಒಂದು ಫ್ರೇಮನ್ನೂ ನಾನು ಸರಿಸಬೇಕಾಗಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ನಿರ್ದೇಶಕರಿಗೆ ಫೋನ್ ಮಾಡಿದೆ. ತೆಲುಗು ಅಂದ ಕೂಡಲೇ ಅವರ ದನಿ ಏರಿತು. "ಮೇಡಂ, ನೀವೇ ಹೀಗಂದ್ರೆ ಹೇಗೆ? ಅಷ್ಟು ಶುದ್ಧ ಕನ್ನಡ ನಿಮ್ಮದು."

"ನಮ್ಮ ಮನೇಲಿ ತೆಲುಗು ಸರ್. ಪಾವಗಡದಲ್ಲಿ ಮಗಳನ್ನ ಕಳಿಸೋ ತಾಯಿ ಇವಳು. ಕ್ಯಾಮೆರಾ ಮುಂದೆ ಅವಳ ತುಟಿ ಆಡಿರೋದು ತೆಲುಗು. ಬೆಂಗಳೂರಿಂದ ಯಾರನ್ನ ಕರೆಸಿದ್ರೂ ಆ ತುಟಿಗೆ ಬೇರೆ ಮಾತು ಕೂಡಲ್ಲ. ಕಳಿಸ್ತೀನಿ, ನೋಡಿ. ಆಮೇಲೆ ಬೈರಿ."

ಕಳಿಸಿದೆ. ಕಾಯುತ್ತಾ ಕೂತೆವು. ಫ್ಯಾನ್ ಹಾಕಬಹುದಿತ್ತು, ಯಾರಿಗೂ ನೆನಪಾಗಲಿಲ್ಲ. ಅಕ್ಕ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು, ಕೂರಲಿಲ್ಲ. ನಾಲ್ಕು ದಾಟಿತು. ನಾಲ್ಕೂ ಐದಕ್ಕೆ ಮೆಸೇಜ್ ಬಂತು: "ಇದೇ ಇರಲಿ. ಅವರಿಗೆ ನನ್ನ ಕಡೆಯಿಂದ ಸಾರಿ ಹೇಳಿ."

ಹೇಳಿದೆ. ಅಕ್ಕ ಅಲ್ಲೇ ಗೋಡೆಗೊರಗಿ ನೆಲಕ್ಕೆ ಕೂತುಬಿಟ್ಟಳು.

"ಒಂದ್ಸಲ ಕೇಳ್ಸಿ, ನಮ್ಮವ್ವಂಗೆ" ಅಂದಳು.

ಎಂಜಿನ್ ಸದ್ದನ್ನೂ ಸೇರಿಸಿ ಸ್ಪೀಕರಿನಲ್ಲಿ ಹಾಕಿದೆ. ಬಸ್ಸಿನ ಗುಡುಗು ಕೋಣೆ ತುಂಬಿತು. ಅದರ ಮೇಲೆ ಮಗಳ ದನಿ: "ಪೋಯಿ ರಾಮ್ಮಾ."

ನಮ್ಮ ಕಡೆ ಹೀಗೆ ಕಳಿಸಿಕೊಟ್ಟವರಿಗೆ ಮರುಮಾತಾಡದೆ ಹೊರಡುವುದಿಲ್ಲ. ಅವ್ವ ಕೋಲನ್ನು ನೆಲಕ್ಕೆ ಊರಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ದನಿ ಬಂದ ಕಡೆಗೆ ತಿರುಗಿ, "ವಸ್ತಾನಮ್ಮಾ" ಅಂದಳು.

ಬರ್ತೀನಮ್ಮಾ, ಅಂತ. ನಾನು ಬಸ್ ಹತ್ತಿದ ದಿನ ನಮ್ಮಮ್ಮನಿಗೆ ಹೇಳದೆ ಹೋಗಿದ್ದು ಅದೊಂದೇ ಮಾತು. ಪಕ್ಕದ ಸೀಟಿನವರಿಗೆ ನನ್ನ ತೆಲುಗು ಕೇಳಿಸೀತು ಅಂತ.