ಮುಚ್ಚಳದ ಕೆಳಗೆ ಸಿಕ್ಕ ಕಾರ್ಡು

ಸುರಪುರದ ತಹಶೀಲ ಕಚೇರಿಯ ಎದುರು ಮಮ್ತಾಜಳ ಜೆರಾಕ್ಸ್ ಅಂಗಡಿ ಇದೆ. ಅದರ ಕಟ್ಟೆಯ ಮೇಲೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವನು ನಾನು, ಅಂಬ್ರಪ್ಪ. ಮಮ್ತಾಜ ಮಂದಿಯ ಕಾರ್ಡನ್ನು ಮಷೀನಿನಲ್ಲೇ ಮರೆತುಬಿಡುತ್ತಾಳೆ ಅಂತ ಈಗ ಊರೆಲ್ಲ ಹೇಳುತ್ತದೆ. ಹೇಳುವವರ ಬಾಯಾಗ ಮಣ್ಣು ಬೀಳಲಿ. ಆಕೆ ಮರೆತದ್ದನ್ನು ನಾನಂತೂ ಒಂದು ದಿನವೂ ನೋಡಿಲ್ಲ.

ಆಕೆಯ ಗಂಡ ಟಂಟಂ ಆಟೊ ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆಕೆ ಗಾಡಿ ಮಾರಿ ಬಣ್ಣದ ಪ್ರಿಂಟರ್ ತಂದಳು. ತವರಿನವರು ಮುಖ ಮುರಿದರು. ಆಕೆ ಯಾರ ಮಾತಿಗೂ ಕಿವಿಗೊಡಲಿಲ್ಲ, ಕೂತು ಕೆಲಸ ಕಲಿತಳು. ಕಾರ್ಡಿನ ಕಾಪಿ ತೆಗೆಯುವುದರಲ್ಲಿ ಆಕೆಯದು ಒಂದೇ ಪದ್ಧತಿ. ಮೊದಲು ಫೋಟೋ ಇರುವ ಮುಖವನ್ನು ಗಾಜಿಗೆ ಮಾಡಿ ಇಡುತ್ತಾಳೆ. ಅಂಚು ಕತ್ತರಿಸಿ ಹೋಗದ ಹಾಗೆ ಮೂಲೆಯಿಂದ ಚೂರು ಬಿಟ್ಟೇ ಇಡಬೇಕು. ಐಡಿ ಕಾಪಿ ಬಟನ್ ಒತ್ತಿ, ಮಷೀನು ಕೇಳಿದಾಗ ಮುಚ್ಚಳ ಎತ್ತಿ, ಅದೇ ಜಾಗದಲ್ಲಿ ಕಾರ್ಡು ಮಗುಚಿ, ಮತ್ತೆ ಒತ್ತುತ್ತಾಳೆ. ಒಂದೇ ಹಾಳೆಯಲ್ಲಿ ಮೇಲೆ ಮುಂಭಾಗ, ಕೆಳಗೆ ಹಿಂಭಾಗ, ಎರಡೂ ಕಾರ್ಡಿನಷ್ಟೇ ಅಳತೆಯಲ್ಲಿ ಬರುತ್ತವೆ. ಬಂದ ಹಾಳೆಯ ಮೇಲೆ ಅಸಲು ಕಾರ್ಡು ಇಟ್ಟು ಅಂಚಿಗೆ ಅಂಚು ಕೂಡಿತೇ ಅಂತ ನೋಡುತ್ತಾಳೆ. ಆಮೇಲೆ ಕಾರ್ಡನ್ನು ತಂದವರ ಕೈಯಲ್ಲೇ ಇಡುತ್ತಾಳೆ, ಕಟ್ಟೆಯ ಮೇಲೆ ಇಡುವವಳಲ್ಲ.

ಯಾರಾದರೂ ಬಣ್ಣದ ಕಾಪಿಯನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಕೊಡು ಅಂದರೆ, ಮೇಲೆ ಕೆಂಪು ಅಕ್ಷರದಲ್ಲಿ ನಕಲು ಅಂತ ಬರೆದೇ ಕೊಡುತ್ತಿದ್ದಳು. ಜಗಳವಾಡಿದರೂ ಬಿಡುತ್ತಿರಲಿಲ್ಲ. ಬಿಟ್ಟದ್ದು ಒಬ್ಬನಿಗೆ ಮಾತ್ರ, ಅವನು ವೆಂಕಟಪ್ಪ.

ವೆಂಕಟಪ್ಪ ಬೋನಾಳದ ಕಡೆಯವನು. ಅಂಗಡಿಗೆ ಕರೆಂಟಿನ ಮೀಟರ್ ಸಿಗದಿದ್ದಾಗ ಅವನೇ ಓಡಾಡಿ ಹಾಕಿಸಿಕೊಟ್ಟ. ರಂಜಾನಿಗೆ ಬಂದು ಆಕೆಯ ಮನೆಯ ಸುರಕುಂಬಾ ಪಾಯಸ ಉಂಡು ಹೋಗುವವನು. ಮಮ್ತಾಜ ಬಾಯಿ ತುಂಬ ಅಣ್ಣ ಅನ್ನುತ್ತಿದ್ದಳು. ನನಗೂ ಅವನು ದೇವರಂಥ ಮನುಷ್ಯ ಅಂತಲೇ ಕಂಡಿದ್ದ, ಸುಳ್ಳೇಕೆ ಹೇಳಲಿ.

ಆ ವರ್ಷ ಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಚುನಾವಣೆ ಬಂತು. ವೆಂಕಟಪ್ಪನ ಹೊಲ ಕಾಲುವೆಯ ತಲೆಗಿದೆ, ಅವನ ಚಿಗವ್ವ, ಅಂದರೆ ಚಿಕ್ಕಮ್ಮ, ಮುದುಕಮ್ಮನದು ಕೊನೆಗೆ. ತಲೆಯವರು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಕೊನೆಯವರ ಹತ್ತಿಗೆ ತೇವವೂ ಬರುವುದಿಲ್ಲ. ತೂಬಿನ ಬೀಗ ಯಾರ ಕೈಯಲ್ಲಿರಬೇಕು ಅನ್ನುವುದನ್ನು ಸಂಘ ತೀರ್ಮಾನಿಸುತ್ತದೆ. ಹಾಗಾಗಿ ಕೊನೆಯ ಹೊಲದವರೆಲ್ಲ ಸೇರಿ ಹೆಂಗಸರ ಜಾಗಕ್ಕೆ ಮುದುಕಮ್ಮನನ್ನು ನಿಲ್ಲಿಸಿದರು. ತಾಯಿಯಿಲ್ಲದ ವೆಂಕಟಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಒಂದೇ ಅಂಗಳ, ಒಂದೇ ಒಲೆ. ಕಾಗದ ಪತ್ರ ನಾ ನೋಡಿಕೊಳ್ಳುತ್ತೇನೆ ಅಂತ ಅವನೇ ಮುಂದೆ ಬಂದ. ಮುದುಕಿ ಹಿಗ್ಗಿದಳು.

ನಾಮಪತ್ರದ ಕೊನೆಯ ದಿನದ ಹಿಂದಿನ ಸಂಜೆ ಅವನು ಚಿಗವ್ವನ ಸಂಘದ ಗುರುತಿನ ಕಾರ್ಡು ಹಿಡಿದು ಅಂಗಡಿಗೆ ಬಂದ. ನಾನು ಮನೆಗೆ ಹೋಗಿಯಾಗಿತ್ತು, ಆ ಹೊತ್ತಿನ ಮಾತು ಮಮ್ತಾಜ ಹೇಳಿ ತಿಳಿದದ್ದು. ಅರ್ಜಿಗೆ ಒಂದು ಕಾಪಿ ಬೇಕು ಅಂದ. ಇನ್ನೊಂದನ್ನು ಬಣ್ಣದಲ್ಲಿ ತೆಗೆದು, ಎರಡೂ ಭಾಗ ಕತ್ತರಿಸಿ, ಬೆನ್ನಿಗೆ ಬೆನ್ನು ಹಚ್ಚಿ ಲ್ಯಾಮಿನೇಷನ್ ಮಾಡು ಅಂದ. ಚಿಗವ್ವ ಸಂಚಿಯಲ್ಲಿ ಇಟ್ಟುಕೊಳ್ಳುತ್ತಾಳೆ, ಅಸಲು ಬೆವರಿಗೆ ಹಾಳಾಗುತ್ತದೆ, ಅದು ಟ್ರಂಕಿನಲ್ಲಿರಲಿ. ನಕಲು ಅಂತ ಮಾತ್ರ ಬರೆಯಬೇಡ, ಕೆಂಪು ಗೀಚು ಕಂಡರೆ ಮುದುಕಿ ಕಾರ್ಡು ಕೆಟ್ಟಿತು ಅಂತ ಅಳುತ್ತಾಳೆ ಅಂದ. ಅಣ್ಣನ ಮಾತು, ಮಮ್ತಾಜ ಒಪ್ಪಿದಳು. ಅಸಲನ್ನೂ ನಕಲನ್ನೂ ಅವನ ಕೈಯಲ್ಲೇ ಇಟ್ಟು ಅಂಗಡಿ ಮುಚ್ಚಿದಳು.

ಮರುದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮಷೀನು ಸುಮ್ಮನೆ ಕೂತಿತ್ತು. ಮಧ್ಯಾಹ್ನ ಮುದುಕಮ್ಮ ಸಂಘದ ಕಚೇರಿಗೆ ಹೋಗಿ ಸಂಚಿ ಬಿಚ್ಚಿ, ವೆಂಕಟಪ್ಪ ಕೊಟ್ಟಿದ್ದ ಕಾರ್ಡನ್ನು ನಾಮಪತ್ರದ ಜೊತೆ ಕೊಟ್ಟಳು. ಚುನಾವಣೆಯ ಅಧಿಕಾರಿ ಅದರ ಮೇಲೆ ಹೆಬ್ಬೆರಳು ಆಡಿಸಿದರು. ಅಸಲು ಕಾರ್ಡಿನಲ್ಲಿ ಒತ್ತಿದ ಮೊಹರು ಬೆರಳಿಗೆ ತಾಗುತ್ತದೆ, ಇದು ನುಣ್ಣಗಿತ್ತು. ಇದು ಕಲರ್ ಜೆರಾಕ್ಸ್ ಅಮ್ಮ, ಮೂರರ ಒಳಗೆ ಅಸಲು ತನ್ನಿ ಅಂದರು. ಮುದುಕಿ ಹೊರಗೆ ಬಂದು ಸಾಕಿದ ಮಗನನ್ನು ಹುಡುಕಿದಳು. ಅವನ ಫೋನು ಬಂದ್ ಆಗಿತ್ತು. ನಮ್ಮ ಕಟ್ಟೆಗೆ ಬಂದು ಕುಸಿದು ಕೂತಳು. ಮಮ್ತಾಜ ನೀರು ಕೊಟ್ಟಳು, ಅಸಲು ಅಣ್ಣನ ಹತ್ತಿರವೇ ಇದೆ, ಬಂದೇ ಬರುತ್ತಾನೆ ಅಂತ ಧೈರ್ಯ ಹೇಳಿದಳು.

ಬಂದ, ಮೂರು ದಾಟಿದ ಮೇಲೆ, ಮಂದಿಯನ್ನು ಹಿಂದೆ ಕಟ್ಟಿಕೊಂಡು. ಕಾರ್ಡು ಎಲ್ಲಿ ಅಂತ ಚಿಗವ್ವ ಕೇಳಿದಳು. ಟ್ರಂಕಿನಲ್ಲಿ ಇಲ್ಲ, ಇಲ್ಲೇ ಉಳಿದಿರಬೇಕು ಅನ್ನುತ್ತ ನೆಟ್ಟಗೆ ಅಂಗಡಿಯೊಳಗೆ ಹೋದ. ನಮ್ಮೆಲ್ಲರಿಗೂ ಬೆನ್ನು ಮಾಡಿ ನಿಂತು ಮಷೀನಿನ ಮುಚ್ಚಳ ಎತ್ತಿದ, ಆಮೇಲೆ ಪಕ್ಕಕ್ಕೆ ಸರಿದ.

"ನೋಡ್ರಿ, ಇಲ್ಲೇ ಐತಿ. ತಂಗಿ, ಎಂಥ ಕೆಲಸ ಮಾಡಿದೀಯವ್ವ," ಅಂದ. ಅವನ ಕಣ್ಣಲ್ಲಿ ನೀರು ಕೂಡ ಇತ್ತು, ಕಳ್ಳ ನನ್ನ ಮಗನ ಕಣ್ಣಲ್ಲಿ.

ನಾನು ಒಳಗೆ ಇಣುಕಿದೆ. ಗಾಜಿನ ಮೇಲೆ ಕಾರ್ಡು ಇತ್ತು, ಫೋಟೋ ಗಾಜಿಗೆ ಮುಖ ಮಾಡಿತ್ತು, ಹಿಂಭಾಗ ಮೇಲಿತ್ತು. ಕಾಪಿ ತೆಗೆದು ಮರೆತ ಕಾರ್ಡಾದರೆ ಕೊನೆಗೆ ಮಗುಚಿದ್ದು ಮಗುಚಿದ ಹಾಗೇ ಇರಬೇಕು, ಫೋಟೋ ನಮ್ಮ ಕಡೆ ಕಾಣಬೇಕು. ಮಮ್ತಾಜಳೂ ಅದನ್ನು ನೋಡಿದಳು.

"ಅಣ್ಣಾ," ಅಂದಳು, "ನಿನ್ನ ಕೈಯಾಗ ಕೊಟ್ಟೀನಿ. ಇದನ್ನ ಈಗ ನೀನ ಇಟ್ಟಿ."

ಅವನು ಕಣ್ಣು ಒರೆಸಿಕೊಂಡ. ಉತ್ತರ ಮಂದಿಯೇ ಕೊಟ್ಟರು. ಹೆಣ್ಣುಮಗಳು, ನೂರು ಕೆಲಸ, ಮರೆವು ಸಹಜ ಅಂದರು. ನಾನು ಕಾರ್ಡಿನ ಮುಖದ ವಿಷಯ ತೆಗೆದೆ, ಅರ್ಜಿ ಬರೆಯುವವನು ಅರ್ಜಿ ಬರಿ ಅಂತ ಒಬ್ಬ ನಕ್ಕ. ಅಷ್ಟರಲ್ಲಿ ಸಂಘದ ಕಚೇರಿಯಿಂದ ಸುದ್ದಿ ಬಂತು. ಹೆಂಗಸರ ಜಾಗಕ್ಕೆ ಒಂದೇ ನಾಮಪತ್ರ, ಮಲ್ಲಾಬಾಯಿ ಅವಿರೋಧ. ಮಲ್ಲಾಬಾಯಿ ಅಂದರೆ ವೆಂಕಟಪ್ಪನ ಹೆಂಡತಿ, ಬೆಳಿಗ್ಗೆಯೇ ಸದ್ದಿಲ್ಲದೆ ಬಂದು ಸಲ್ಲಿಸಿ ಹೋಗಿದ್ದಳು. ತೂಬಿನ ಬೀಗ ತಲೆಯವರ ಕೈಯಲ್ಲೇ ಉಳಿಯಿತು.

ಮಂದಿ ಚದುರಿದ ಮೇಲೆ ಮುದುಕಮ್ಮ ಮಮ್ತಾಜಳ ಹತ್ತಿರ ಬಂದಳು. ನಾನು ಅಲ್ಲೇ ಇದ್ದೆ. ಮುದುಕಿ ಅಸಲು ಕಾರ್ಡಿನ ಮೇಲಿನ ಮೊಹರನ್ನು ಬೆರಳಿನಿಂದ ಮುಟ್ಟುತ್ತಲೇ ಇದ್ದಳು.

"ನೀ ಮರೀಲಿಲ್ಲ, ನನಗ ಗೊತ್ತೈತಿ ಮಗಳ," ಅಂದಳು. "ಆದ್ರ ನೀ ಮರ್ತಿ ಅಂತ ಇರಲಿ ಬಿಡು. ನಾ ರಾತ್ರಿ ಹೋಗಿ ಉಣ್ಣಬೇಕಾದ್ದು ಅವನ ಮನ್ಯಾಗ."

ಮಮ್ತಾಜ ಮಷೀನಿನ ಮುಚ್ಚಳ ಮುಚ್ಚಿದಳು. ನನಗೆ ಮೈಯೆಲ್ಲ ಉರಿಯಿತು. ಮೋಸ ಮಾಡಿದ ಮಗನಿಗಿಂತ ಈ ಮುದುಕಿಯ ಮೇಲೇ ಹೆಚ್ಚು ಸಿಟ್ಟು ಬಂತು, ಇಂದಿಗೂ ಹೋಗಿಲ್ಲ. ಮುದುಕಿ ಹೋಗುವಾಗ ನಾನು ಮುಖ ತಿರುಗಿಸಿ ಕೂತೆ.

ಆಮೇಲೆ ಗಿರಾಕಿಗಳಿಗೆ ಹೊಸ ಚಾಳಿ ಹತ್ತಿತು. ಕಾರ್ಡು ಕೈಯಲ್ಲೇ ಇದ್ದರೂ ಒಮ್ಮೆ ಮುಚ್ಚಳ ಎತ್ತಿ ಇಣುಕಿ ಹೋಗುತ್ತಾರೆ. ಮಮ್ತಾಜ ತಡೆಯುವುದಿಲ್ಲ, ಮಷೀನಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.

ಮೊನ್ನೆ ಮುದುಕಮ್ಮ ಬಂದಿದ್ದಳು, ರೇಷನ್ ಕಾರ್ಡಿನ ಕಾಪಿಗೆ. ಜೊತೆಗೆ ಮಲ್ಲಾಬಾಯಿ ಇದ್ದಳು. ಮಮ್ತಾಜ ಹಿಂದೆ ಮುಂದೆ ಎರಡನ್ನೂ ಒಂದೇ ಹಾಳೆಗೆ ತೆಗೆದು, ಅಂಚು ಕೂಡಿಸಿ ನೋಡಿ, ಕಾರ್ಡನ್ನು ಮುದುಕಿಯ ಕೈಯಲ್ಲಿಟ್ಟಳು. ಮುದುಕಿ ಅದನ್ನು ಸಂಚಿಗೆ ಹಾಕಿ ಗಂಟು ಬಿಗಿದಳು. ಸೊಸೆಯ ಮುಖ ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಮುಚ್ಚಳ ಎತ್ತಿ, ಖಾಲಿ ಗಾಜನ್ನು ನೋಡಿ ಹೋದಳು.